ಕಾಫಿ ಕೊಯ್ಲಿಗೆ ಮೊದಲು: ಒಂದಕ್ಕೊಂದು ಕಾಯುವ ಕೆಲಸಗಳನ್ನು ಸಾಲಾಗಿ ಜೋಡಿಸುವುದು ಹೇಗೆ?

ಸೋಮವಾರಪೇಟೆ, ಮಾದಾಪುರ ಕಡೆಯ ತೋಟಗಳಲ್ಲಿ ನವೆಂಬರ್ ಬಂತೆಂದರೆ ಅರೇಬಿಕಾ ಕೆಂಪಗಾಗಲು ಶುರುವಾಗುತ್ತದೆ. ಅಷ್ಟರೊಳಗೆ ಪಲ್ಪರ್ ರಿಪೇರಿ ಆಗಬೇಕು, ಕಣ ಸರಿಯಾಗಬೇಕು, ನೀರಿನ ತೊಟ್ಟಿ ಸೋರಬಾರದು, ಲೈನ್ ಮನೆಯಲ್ಲಿ ಕೆಲಸದವರು ಇರುವ ಹಾಗಿರಬೇಕು. ಎಲ್ಲವನ್ನೂ ಒಟ್ಟಿಗೆ ಶುರುಮಾಡಲು ಆಗುವುದಿಲ್ಲ. ಒಂದೊಂದಾಗಿ ಮಾಡುತ್ತಾ ಕೂತರೆ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ಯಾವುದು ಯಾವುದಕ್ಕೆ ಕಾಯಬೇಕು, ಯಾವುದು ಕಾಯಬೇಕಿಲ್ಲ ಎಂದು ಮೊದಲೇ ಕಾಗದದ ಮೇಲೆ ಬಿಡಿಸಿಕೊಳ್ಳುವುದೊಂದೇ ದಾರಿ.

ಪಾರ್ಚ್‌ಮೆಂಟ್ ಮಾಡುವ ಒಂದು ಸಣ್ಣ ತೋಟವನ್ನು ಇಟ್ಟುಕೊಂಡು ಆ ಲೆಕ್ಕವನ್ನು ಮೊದಲಿಂದ ಕೊನೆವರೆಗೆ ಮಾಡೋಣ. ದಿನಗಳ ಸಂಖ್ಯೆ ನಿಮ್ಮ ತೋಟಕ್ಕೆ ತಕ್ಕಂತೆ ಬದಲಾಗುತ್ತದೆ. ಲೆಕ್ಕ ಮಾಡುವ ಕ್ರಮ ಬದಲಾಗುವುದಿಲ್ಲ.

ಕೊನೆಯಿಂದ ಹಿಂದಕ್ಕೆ ಕೇಳುತ್ತಾ ಬನ್ನಿ

ಸಾಮಾನ್ಯವಾಗಿ ನಾವು "ಮೊದಲು ಏನು ಮಾಡೋಣ?" ಎಂದು ಶುರುಮಾಡುತ್ತೇವೆ. ಆಗ ಕಣ್ಣಿಗೆ ಬಿದ್ದ ಕೆಲಸ ಮೊದಲಾಗುತ್ತದೆ. ಅದರ ಬದಲು ಕೊನೆಯ ಕೆಲಸವನ್ನು ಹಿಡಿದುಕೊಂಡು ಒಂದೇ ಪ್ರಶ್ನೆ ಕೇಳಿ: ಇದನ್ನು ಶುರುಮಾಡುವ ಬೆಳಿಗ್ಗೆ ನನ್ನ ಕೈಯಲ್ಲಿ ಏನೇನು ಸಿದ್ಧ ಇರಬೇಕು?

ಇಲ್ಲಿ ಕೊನೆಯ ಕೆಲಸ ಮೊದಲ ದಿನದ ಹಣ್ಣು ಕುಯ್ಯುವುದು. ಕುಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು. ರಾಶಿ ಹಾಕಿ ಇಟ್ಟರೆ ಬಿಸಿಯಾಗಿ ಹುಳಿ ಬರುತ್ತದೆ. ಅಂದರೆ ಕುಯ್ಯುವ ಬೆಳಿಗ್ಗೆಯೇ ಓಡುವ ಪಲ್ಪರ್ ಬೇಕು, ತುಂಬಿದ ನೀರಿನ ತೊಟ್ಟಿ ಬೇಕು, ಕೆಲಸದವರು ಬೇಕು. ಓಡುವ ಪಲ್ಪರ್ ಬೇಕಾದರೆ? ಡ್ರಮ್ಮಿನ ಮೇಲಿನ ತಾಮ್ರದ ಹಾಳೆ ಸವೆದಿದ್ದರೆ ಹೊಸದು ಬರಬೇಕು. ಹಾಳೆ ತರಿಸಲು? ಮೊದಲು ಪಲ್ಪರ್ ಬಿಚ್ಚಿ ನೋಡಿ, ಅಳತೆ ತೆಗೆದುಕೊಳ್ಳಬೇಕು. ಬಿಚ್ಚಲು? ಏನೂ ಬೇಡ, ಒಂದು ಸ್ಪ್ಯಾನರ್ ಸೆಟ್ ಸಾಕು. "ಏನೂ ಬೇಡ" ಎಂಬ ಉತ್ತರ ಬಂದ ಕಡೆ ಒಂದು ಸರಪಳಿಯ ತುದಿ ಸಿಕ್ಕಿತು ಎಂದು ಅರ್ಥ. ಹೀಗೆ ಕಣಕ್ಕೂ, ತೊಟ್ಟಿಗೂ, ಲೈನ್ ಮನೆಗೂ ತುದಿ ಸಿಗುವವರೆಗೆ ಕೇಳುತ್ತಾ ಹೋಗಿ.

ಉತ್ತರ ಬರೆಯುವಾಗ ಒಂದು ವಿಷಯದಲ್ಲಿ ಬಿಗಿಯಾಗಿರಿ. ಹಿಂದಿನ ಕೆಲಸದ ಹೆಸರನ್ನು ಬರೆಯಬೇಡಿ, ಅದರಿಂದ ಕೈಗೆ ಬರಬೇಕಾದ್ದು ಯಾವ ಸ್ಥಿತಿಯಲ್ಲಿರಬೇಕು ಎಂದು ಬರೆಯಿರಿ. ಗಾರೆ ಮೇಸ್ತ್ರಿ ಸಂಜೆ ಕೈ ತೊಳೆದುಕೊಂಡು "ಕಣ ಮುಗೀತು ಸಾರ್" ಅನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿ, ಅವರ ಕೆಲಸ ಮುಗಿದಿದೆ. ಕಾಫಿಗೆ ಬೇಕಾದ ಕಣ ಮಾತ್ರ ಇನ್ನೂ ಹುಟ್ಟಿಲ್ಲ. ಪಿಪಿಸಿ ಸಿಮೆಂಟಿನ ಕಾಂಕ್ರೀಟಿಗೆ ಕಡಿಮೆ ಅಂದರೂ 10 ದಿನ ನೀರು ಕಟ್ಟಿ ಕ್ಯೂರಿಂಗ್ ಮಾಡಬೇಕು. ಆಮೇಲೆ ಅದು ಒಣಗಬೇಕು, ಸಿಮೆಂಟಿನ ಪುಡಿ ಏಳದ ಹಾಗೆ ಗುಡಿಸಿ ತೊಳೆಯಬೇಕು. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ "ಕಣದ ಕೆಲಸ" ಎಂದಿರಬಾರದು. "ಅಂಗೈಯಲ್ಲಿ ಉಜ್ಜಿದರೆ ಪುಡಿ ಅಂಟದ, ಒಣಗಿದ ಕಣ" ಎಂದಿರಬೇಕು. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಒಂದೇ ಅರ್ಥ ಆಗುವ ಗುರುತು ಇದು. ಕೆಲಸಗಳು ಒಂದರ ಮೇಲೊಂದು ಬಿದ್ದು ಕೆಡುವುದು ಹೆಚ್ಚಾಗಿ ಈ ಗುರುತು ಇಲ್ಲದ ಕಡೆಯೇ.

ನಿಜವಾಗಿ ಕಾಯಬೇಕಾ ಎಂದು ಪರೀಕ್ಷಿಸಿ

ಪಟ್ಟಿ ಬರೆದಾದ ಮೇಲೆ ಪ್ರತಿಯೊಂದು "ಇದಾದ ಮೇಲೆ ಅದು" ಎಂಬುದನ್ನೂ ಒಂದು ಸಲ ತಿರುಗಿಸಿ ಕೇಳಿ: ಕಾಯದೆ ಶುರುಮಾಡಿದರೆ ಏನು ಹಾಳಾಗುತ್ತದೆ?

ಹಸಿ ಕಾಂಕ್ರೀಟಿನ ಮೇಲೆ ಪಾರ್ಚ್‌ಮೆಂಟ್ ಹರಡಿದರೆ ಎರಡೂ ಹಾಳು. ಇದು ನಿಜವಾದ ಕಾಯುವಿಕೆ. ಆದರೆ ಲೈನ್ ಮನೆಗೆ ಸುಣ್ಣ ಬಳಿದ ಮೇಲೆಯೇ ಪಲ್ಪರ್ ಬಿಚ್ಚುವುದು ಅನ್ನುವುದರಲ್ಲಿ ಏನೂ ಇಲ್ಲ, ಅದು ಬರೀ ರೂಢಿ. ಪಟ್ಟಿಯಿಂದ ತೆಗೆದುಬಿಡಿ. ಮೂರನೆಯ ಬಗೆ ಒಂದಿದೆ. ತೊಟ್ಟಿಯ ಗಾರೆಗೂ ಕಣದ ಕಾಂಕ್ರೀಟಿಗೂ ಸಂಬಂಧವಿಲ್ಲ, ಆದರೆ ಎರಡಕ್ಕೂ ಅದೇ ಮೇಸ್ತ್ರಿ ಬರಬೇಕು. ಇದನ್ನು ಬೇರೆ ಬಣ್ಣದಲ್ಲಿ ಬರೆದಿಡಿ. ಇನ್ನೊಬ್ಬ ಮೇಸ್ತ್ರಿ ಸಿಕ್ಕರೆ ಈ ಕಾಯುವಿಕೆ ಮಾಯವಾಗುತ್ತದೆ. ಕ್ಯೂರಿಂಗ್ ಮಾತ್ರ ಎಷ್ಟು ಜನ ಬಂದರೂ ಒಂದು ದಿನವೂ ಕಡಿಮೆಯಾಗುವುದಿಲ್ಲ.

ಸುತ್ತು ಬಿದ್ದರೆ ಕೆಲಸವನ್ನು ಸೀಳಿ

ಹೀಗೆ ಬರೆಯುತ್ತಾ ಹೋದರೆ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ. ಪಲ್ಪರ್ ಸರಿಯಾಗಿ ಕೂತಿದೆಯಾ ಎಂದು ಗೊತ್ತಾಗುವುದು ಹಣ್ಣು ಹಾಕಿ ಓಡಿಸಿದಾಗ ಮಾತ್ರ. ಹಣ್ಣು ಬೇಕಾದರೆ ಕುಯ್ಯಬೇಕು. ಪಲ್ಪರ್ ಸರಿಯಾಗದೆ ಕುಯ್ಯುವ ಹಾಗಿಲ್ಲ. ಎರಡೂ ಒಂದಕ್ಕೊಂದು ಕಾಯುತ್ತಿವೆ.

ಇಂಥ ಸುತ್ತು ಕಂಡರೆ ಎರಡರಲ್ಲಿ ಒಂದು ಕೆಲಸವನ್ನು ತೀರಾ ದೊಡ್ಡದಾಗಿ ಬರೆದುಕೊಂಡಿದ್ದೀರಿ ಎಂದು ಅರ್ಥ. "ಕುಯ್ಯುವುದು" ಎಂಬುದು ಒಂದೇ ಕೆಲಸವಲ್ಲ. ಚೆನ್ನಾಗಿ ಬಿಸಿಲು ಬೀಳುವ ಅಂಚಿನ ಗಿಡಗಳಲ್ಲಿ ಬೇಗ ಹಣ್ಣಾಗಿರುತ್ತದೆ. ಮನೆಯವರೇ ಒಂದು ಬುಟ್ಟಿ ಕುಯ್ದು ತಂದರೆ ಪ್ರಯೋಗಕ್ಕೆ ಸಾಕು. "ಪ್ರಯೋಗಕ್ಕೆ ಒಂದು ಬುಟ್ಟಿ" ಮತ್ತು "ಮೊದಲ ದಿನದ ಕೊಯ್ಲು" ಎಂದು ಸೀಳಿದ ಕೂಡಲೇ ಸುತ್ತು ಬಿಚ್ಚಿಕೊಳ್ಳುತ್ತದೆ.

ಆ ಒಂದು ಬುಟ್ಟಿಯಲ್ಲಿ ಏನು ನೋಡಬೇಕು ಎಂಬುದನ್ನೂ ಬರೆದಿಡಿ, ಏಕೆಂದರೆ ಮುಂದಿನ ಕೆಲಸಕ್ಕೆ ಹೋಗಲು ಅನುಮತಿ ಕೊಡುವುದೇ ಅದು. ಪಲ್ಪರಿನಿಂದ ಬಂದ ಬೀಜವನ್ನು ಒಂದು ಹಿಡಿ ತೆಗೆದುಕೊಂಡು ಬಿಳಿ ಬಟ್ಟೆಯ ಮೇಲೆ ಹರಡಿ. ಬೀಜಕ್ಕೆ ಗಾಯವಾಗಿದ್ದರೆ, ಪಾರ್ಚ್‌ಮೆಂಟಿನ ಸಿಪ್ಪೆ ಸೀಳಿದ್ದರೆ ಸಂದು ತೀರಾ ಬಿಗಿಯಾಗಿದೆ. ಇಡೀ ಹಣ್ಣೇ ಪಲ್ಪ್ ಆಗದೆ ಹಾಗೇ ಹೊರಗೆ ಬರುತ್ತಿದ್ದರೆ ಸಂದು ಜಾಸ್ತಿಯಾಗಿದೆ. ಸರಿಮಾಡಿ ಮತ್ತೆ ಒಂದು ಬೋಗುಣಿ ಹಣ್ಣು ಹಾಕಿ ನೋಡಿ. ಇದಕ್ಕೆ 2 ದಿನ ಇಟ್ಟುಕೊಳ್ಳಿ. ಒಂದೇ ದಿನ ಇಟ್ಟರೆ ಸರಿಮಾಡಲು ಸಮಯವೇ ಉಳಿಯುವುದಿಲ್ಲ.

ದಿನಗಳನ್ನು ಹಾಕಿ, ಮುಂದಕ್ಕೆ ಎಣಿಸಿ

ಈಗ ಪಟ್ಟಿ ಹೀಗಾಗಿದೆ. ಕೆಲಸ ನವೆಂಬರ್ 1ರ ಬೆಳಿಗ್ಗೆ ಶುರು ಎಂದಿಟ್ಟುಕೊಳ್ಳೋಣ. ಆ ಬೆಳಿಗ್ಗೆಗೆ 0 ಎಂದು ಹೆಸರು, ನವೆಂಬರ್ 2ರ ಬೆಳಿಗ್ಗೆಗೆ 1. ಹಾಗೇ ಮುಂದಕ್ಕೆ.

| ಸಂಖ್ಯೆ | ಕೆಲಸ | ಎಷ್ಟು ದಿನ | ಯಾವುದಾದ ಮೇಲೆ | ಶುರು | ಮುಗಿತ |
|---|---|---|---|---|---|
| 1 | ಪಲ್ಪರ್ ಬಿಚ್ಚಿ ನೋಡುವುದು | 1 | – | 0 | 1 |
| 2 | ತಾಮ್ರದ ಹಾಳೆ ತರಿಸುವುದು | 15 | 1 | 1 | 16 |
| 3 | ಪಲ್ಪರ್ ಜೋಡಿಸುವುದು | 1 | 2 | 16 | 17 |
| 4 | ನೀರಿನ ತೊಟ್ಟಿಗೆ ಗಾರೆ | 2 | – | 0 | 2 |
| 5 | ತೊಟ್ಟಿ ಕ್ಯೂರಿಂಗ್ | 10 | 4 | 2 | 12 |
| 6 | ನೀರು ತುಂಬಿಸಿ ಸೋರಿಕೆ ನೋಡುವುದು | 2 | 5 | 12 | 14 |
| 7 | ಹಳೇ ಕಣ ಒಡೆದು ಮಟ್ಟ ಮಾಡುವುದು | 4 | – | 0 | 4 |
| 8 | ಕಣಕ್ಕೆ ಕಾಂಕ್ರೀಟ್ | 3 | 7 | 4 | 7 |
| 9 | ಕಣ ಕ್ಯೂರಿಂಗ್ | 10 | 8 | 7 | 17 |
| 10 | ಕಣ ಒಣಗಿಸಿ ತೊಳೆಯುವುದು | 2 | 9 | 17 | 19 |
| 11 | ಲೈನ್ ಮನೆ ಮಾಡು ರಿಪೇರಿ | 6 | – | 0 | 6 |
| 12 | ಪಲ್ಪರ್ ಪ್ರಯೋಗ | 2 | 3, 6 | 17 | 19 |

ಎಣಿಸುವ ನಿಯಮ ಒಂದೇ. ಒಂದು ಕೆಲಸ ಎರಡು ಮೂರು ಕೆಲಸಗಳಿಗೆ ಕಾಯುತ್ತಿದ್ದರೆ, ಅವುಗಳಲ್ಲಿ ಕೊನೆಗೆ ಮುಗಿಯುವುದು ಯಾವುದೋ ಅದೇ ಇದರ ಶುರು. ಪ್ರಯೋಗಕ್ಕೆ ಪಲ್ಪರ್ 17ಕ್ಕೆ ಸಿಗುತ್ತದೆ, ತೊಟ್ಟಿ 14ಕ್ಕೆ ಸಿಗುತ್ತದೆ. ಶುರುವಾಗುವುದು 17ಕ್ಕೆ.

ಕುಯ್ಯುವ ಸಾಲಿನಲ್ಲಿ ಒಂದು ಸೂಕ್ಷ್ಮ ಇದೆ. ಕಣ ಸಿದ್ಧವಾಗದೆ ಕುಯ್ಯಬಾರದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ನೋಡಿದರೆ ಮೊದಲ ದಿನದ ಹಣ್ಣು ಸಂಜೆ ಪಲ್ಪ್ ಆಗಿ ಹುದುಗು ತೊಟ್ಟಿಗೆ ಬೀಳುತ್ತದೆ. ಅರೇಬಿಕಾ ಹುದುಗಲು 24ರಿಂದ 36 ಗಂಟೆ ಬೇಕು. ತೊಳೆದು ಕಣಕ್ಕೆ ತರುವುದು ಕುಯ್ದ ಮೂರನೇ ಬೆಳಿಗ್ಗೆ. ಅಂದರೆ ಕುಯ್ಯಲು ಶುರುಮಾಡಿ 2 ದಿನದ ಮೇಲೆ ಕಣ ಸಿಕ್ಕರೆ ಸಾಕು. ನೀರಿನಲ್ಲಿ ತೇಲುವ ಜೊಳ್ಳು ಹಣ್ಣನ್ನು ಅಷ್ಟು ದಿನ ಟಾರ್ಪಾಲಿನ ಮೇಲೆ ಹರಡಿಕೊಳ್ಳಬಹುದು. ಕಂಪ್ಯೂಟರಿನಲ್ಲಿ ಶೀಟ್ ಮಾಡುವವರಾದರೆ C ಕಾಲಮ್ಮಿನಲ್ಲಿ ದಿನ, D ಶುರು, E ಮುಗಿತ ಎಂದಿಟ್ಟುಕೊಂಡು, ಮೊದಲ ಕೆಲಸವನ್ನು 2ನೇ ಸಾಲಿನಲ್ಲಿ ಬರೆದು, ಕೆಳಗಿನ ಮಾದರಿಯಲ್ಲಿ ಸೂತ್ರ ಹಾಕಿ. ಯಾವುದಕ್ಕೂ ಕಾಯದ ಕೆಲಸದ D ಯಲ್ಲಿ 0 ಬರೆಯಿರಿ, ಉಳಿದವುಗಳ D ಯಲ್ಲಿ D3ರ ಹಾಗೆ ಅದು ಕಾಯುವ ಕೆಲಸದ E ಬರೆಯಿರಿ, E2ರ ಸೂತ್ರವನ್ನು E13ರವರೆಗೆ ಇಳಿಸಿ. 14ನೇ ಸಾಲು ಮೊದಲ ದಿನದ ಕೊಯ್ಲು.

```
E2:   =D2+C2
D3:   =E2
D13:  =MAX(E4,E7)
D14:  =MAX(E13,E12,E11-2)
```

ಕೊನೆಯ ಸೂತ್ರದ `E11-2` ಎಂಬುದೇ ಆ ಎರಡು ದಿನದ ರಿಯಾಯಿತಿ. ಉತ್ತರ 19 ಬರುತ್ತದೆ. ಅಂದರೆ ನವೆಂಬರ್ 20ರ ಬೆಳಿಗ್ಗೆ ಕೊಯ್ಲು ಶುರು.

ಬಿಡುವು ಎಲ್ಲಿದೆ ನೋಡಿ

ಈಗ ಹಿಂದಕ್ಕೆ ಎಣಿಸಿ: 19ಕ್ಕೆ ಕುಯ್ಯಬೇಕಾದರೆ ಪ್ರತಿಯೊಂದು ಕೆಲಸ ಎಷ್ಟು ತಡವಾಗಿ ಮುಗಿದರೂ ನಡೆಯುತ್ತದೆ? ಲೈನ್ ಮನೆ 6ಕ್ಕೆ ಮುಗಿಯುತ್ತದೆ, ಬೇಕಾಗುವುದು 19ಕ್ಕೆ. 13 ದಿನ ಬಿಡುವಿದೆ. ತೊಟ್ಟಿಗೆ 3 ದಿನ. ಕಣ 19ಕ್ಕೆ ಮುಗಿಯುತ್ತದೆ, ಬೇಕಾಗುವುದು 21ಕ್ಕೆ. 2 ದಿನ. ಪಲ್ಪರಿನ ಸಾಲಿಗೆ, ಅಂದರೆ ಬಿಚ್ಚು, ಹಾಳೆ, ಜೋಡಣೆ, ಪ್ರಯೋಗ ಇವಕ್ಕೆ ಸೊನ್ನೆ.

ಕೊಯ್ಲಿನ ದಿನವನ್ನು ಹಿಡಿದಿಟ್ಟಿರುವುದು ಈ ಸಾಲು. ಇಡೀ ತೋಟದ ಗಮನ ಕಣದ ಮೇಲಿರುತ್ತದೆ, ಏಕೆಂದರೆ ಅಲ್ಲಿ ದುಡ್ಡು ಜಾಸ್ತಿ, ಜನ ಜಾಸ್ತಿ, ಗದ್ದಲ ಜಾಸ್ತಿ. ಆದರೆ ಒಂದು ಹಾಳೆ ಎರಡು ದಿನ ತಡವಾಗಿ ಬಂದರೆ ಕೊಯ್ಲು ಎರಡು ದಿನ ತಡ. ಕಣ ಎರಡು ದಿನ ತಡವಾದರೆ ಏನೂ ಆಗುವುದಿಲ್ಲ. ಹೀಗೆ ಅತಿ ಉದ್ದದ ಸಾಲನ್ನು ಹುಡುಕುವ ಲೆಕ್ಕವನ್ನು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 1957ರ ಹೊತ್ತಿಗೆ ರೂಪಿಸಿದರು. ಅದಕ್ಕೆ ಕ್ರಿಟಿಕಲ್ ಪಾತ್ ಎನ್ನುತ್ತಾರೆ.

ಬಿಡುವು ಗೊತ್ತಿದ್ದರೆ ಮೇಸ್ತ್ರಿಯ ಸಮಸ್ಯೆಯೂ ಬಗೆಹರಿಯುತ್ತದೆ. ಪಟ್ಟಿಯ ಪ್ರಕಾರ ಅವರು 0ಯಿಂದ 2ರವರೆಗೆ ತೊಟ್ಟಿ ಮಾಡಿ, ಎರಡು ದಿನ ಸುಮ್ನೆ ಕೂತು, 4ಕ್ಕೆ ಕಾಂಕ್ರೀಟಿಗೆ ಬರಬೇಕು. ಯಾವ ಮೇಸ್ತ್ರಿಯೂ ಸುಮ್ನೆ ಕೂರುವುದಿಲ್ಲ. ಬೇರೆ ಕಡೆ ಕೆಲಸ ಹಿಡಿದರೆ ಅವರನ್ನು ವಾಪಸ್ ಕರೆತರುವುದು ಕಷ್ಟ. ತೊಟ್ಟಿಗೆ 3 ದಿನ ಬಿಡುವಿದೆಯಲ್ವಾ? ಅದರಲ್ಲಿ 2 ದಿನ ಖರ್ಚು ಮಾಡಿ. ಮೇಸ್ತ್ರಿಯನ್ನು ನವೆಂಬರ್ 3ರ ಬೆಳಿಗ್ಗೆ ಕರೆಯಿರಿ. ಎರಡು ದಿನ ತೊಟ್ಟಿ, ಮರುದಿನದಿಂದಲೇ ಕಣ, ಮಧ್ಯೆ ಖಾಲಿ ಇಲ್ಲ. ತೊಟ್ಟಿ 16ಕ್ಕೆ ಸಿದ್ಧ, ಇನ್ನೂ 1 ದಿನ ಕೈಯಲ್ಲಿದೆ.

ಆದರೆ ಬಿಡುವು ಯಾವಾಗಲೂ ಅಷ್ಟೇ ಇರುತ್ತದೆ ಎಂದುಕೊಳ್ಳಬೇಡಿ. ಕಾಂಕ್ರೀಟ್ ಹಾಕುವ ದಿನಗಳಲ್ಲಿ ಮೂರು ದಿನ ಮಳೆ ಹಿಡಿಯಿತು ಎಂದುಕೊಳ್ಳಿ. ಕೊಡಗಿನ ನವೆಂಬರ್‌ನಲ್ಲಿ ಅದು ದೊಡ್ಡ ಮಾತೇನಲ್ಲ. ಕಣ 22ಕ್ಕೆ ಹೋಗುತ್ತದೆ, `E11-2` ಈಗ 20. ಕೊಯ್ಲು ನವೆಂಬರ್ 21ಕ್ಕೆ. ಆ ಕ್ಷಣದಿಂದ ದಿನ ಹಿಡಿದಿಟ್ಟಿರುವುದು ಕಣ. ಪಲ್ಪರಿಗೇ ಒಂದು ದಿನ ಬಿಡುವು ಬಂತು. ಆದ್ದರಿಂದ ಏನಾದರೂ ತಪ್ಪಿದ ಸಂಜೆಯೇ ಲೆಕ್ಕವನ್ನು ಮತ್ತೆ ಮಾಡಿ.

ಸೊನ್ನೆ ಬಿಡುವಿನ ಸಾಲನ್ನು ಮೊಟಕು ಮಾಡುವುದು ಹೇಗೆ? ಪಲ್ಪರ್ ಬಿಚ್ಚಲು ಬಿಸಿಲು ಬೇಡ, ಮೇಸ್ತ್ರಿ ಬೇಡ. ಆಗಸ್ಟ್ ಮಳೆಯಲ್ಲಿ ಶೆಡ್ಡಿನೊಳಗೆ ಕೂತು ಬಿಚ್ಚಿ ನೋಡಿದರೆ ಹಾಳೆ ಸೆಪ್ಟೆಂಬರ್‌ನಲ್ಲೇ ಕೈಯಲ್ಲಿರುತ್ತದೆ. ಆದರೆ ಇದರಿಂದ ಕೊಯ್ಲು 15 ದಿನ ಮುಂದೆ ಬರುವುದಿಲ್ಲ. ಮೇಸ್ತ್ರಿ ನವೆಂಬರ್ 3ಕ್ಕೆ ಬರುವ ಲೆಕ್ಕದಲ್ಲಿ ತೊಟ್ಟಿ 16ಕ್ಕೆ, ಪ್ರಯೋಗ 18ಕ್ಕೆ. ಸಿಕ್ಕಿದ್ದು 1 ದಿನ, ಅಷ್ಟೇ. ಒಂದು ಸಾಲನ್ನು ಮೊಟಕು ಮಾಡಿದರೆ ಅದರ ಪಕ್ಕದ ಸಾಲು ಉದ್ದದ್ದಾಗುತ್ತದೆ. ಆದರೂ ಆಗಸ್ಟ್‌ನಲ್ಲೇ ಬಿಚ್ಚಿ ಎನ್ನುತ್ತೇನೆ. ಹಾಳೆ ತರಿಸುವುದು ನಿಮ್ಮ ಕೈಯಲ್ಲಿಲ್ಲದ ಕೆಲಸ, ಅಂಗಡಿಯವರು ಹೇಳಿದ 15 ದಿನ 25 ಆಗಬಹುದು. ಆ ಆತಂಕ ಸಾಲಿನಿಂದಲೇ ಹೋಗುತ್ತದೆ.

ಕೊಯ್ಲು ಶುರುವಾದ ಮೇಲೆ: ದಿನದಿನದ ಸರಪಳಿ

ಇಲ್ಲಿವರೆಗಿನ ಕೆಲಸಗಳು ಒಂದು ಸಲ ಆಗಿ ಮುಗಿಯುವಂಥವು. ಕೊಯ್ಲು ಹಾಗಲ್ಲ. ಕುಯ್ಯುವುದು, ಪಲ್ಪಿಂಗ್, ಹುದುಗು, ತೊಳೆಯುವುದು, ಒಣಗಿಸುವುದು ಪ್ರತಿದಿನ ಮತ್ತೆ ಮತ್ತೆ ಬರುತ್ತವೆ. ಇಲ್ಲಿ ಮುಂದಿನ ಕೆಲಸ ಹಿಂದಿನದಕ್ಕೆ ಕಾಯುವುದರ ಜೊತೆಗೆ ಹಿಂದಿನ ಕೆಲಸವೂ ಮುಂದೆ ಜಾಗ ಖಾಲಿಯಾಗಲು ಕಾಯುತ್ತದೆ. ತುಂಬಾ ತೋಟಗಳಲ್ಲಿ ಮರೆತುಹೋಗುವುದು ಈ ಹಿಮ್ಮುಖದ ಕಾಯುವಿಕೆ.

ಎರಡು ಹುದುಗು ತೊಟ್ಟಿ ಇವೆ ಎಂದಿಟ್ಟುಕೊಳ್ಳಿ. ಸೋಮವಾರ ಸಂಜೆ 6ಕ್ಕೆ ಮೊದಲ ತೊಟ್ಟಿ ತುಂಬಿತು. ಮಂಗಳವಾರ ಸಂಜೆ ಎರಡನೆಯದು. ಬುಧವಾರ ಸಂಜೆಯ ಹಣ್ಣಿಗೆ ಮೊದಲ ತೊಟ್ಟಿಯೇ ಬೇಕು. 36 ಗಂಟೆಗೆ ಹುದುಗಿದರೆ ಬುಧವಾರ ಬೆಳಿಗ್ಗೆ 6ಕ್ಕೆ ತೊಳೆಯಬಹುದು, ಸಂಜೆಗೆ ತೊಟ್ಟಿ ಖಾಲಿ. ಡಿಸೆಂಬರ್‌ನ ಚಳಿ ರಾತ್ರಿಗಳಲ್ಲಿ ಹುದುಗು ನಿಧಾನವಾಗುತ್ತದೆ. ಅದು 48 ಗಂಟೆಯ ಹತ್ತಿರ ಬಂದರೆ ಬುಧವಾರ ಸಂಜೆ 6ಕ್ಕೆ ಹಳೆಯದು ಇನ್ನೂ ತೊಟ್ಟಿಯಲ್ಲೇ ಇದೆ, ಹೊಸದು ಬಾಗಿಲಲ್ಲಿ ನಿಂತಿದೆ. ಎರಡು ತೊಟ್ಟಿಯಲ್ಲಿ ದಿನಾ ಕುಯ್ಯಬೇಕಾದರೆ ತೊಳೆಯುವ ಹೊತ್ತೂ ಸೇರಿ 48 ಗಂಟೆಯೊಳಗೆ ಮುಗಿಯಲೇಬೇಕು.

ಗಂಟೆ ನೋಡಿ ತೊಳೆಯಲು ಹೋಗಬೇಡಿ. ತೊಟ್ಟಿಯ ಒಳಗಿಂದ ಒಂದು ಹಿಡಿ ಬೀಜ ತೆಗೆದು ನೀರಿನಲ್ಲಿ ಜಾಲಿಸಿ, ಮುಷ್ಟಿಯಲ್ಲಿ ಹಿಂಡಿ. ಲೋಳೆ ಜಾರುತ್ತಿದ್ದರೆ ಆಗಿಲ್ಲ. ಸಣ್ಣ ಕಲ್ಲು ಹಿಡಿದ ಹಾಗೆ ಗರಗರ ಅಂದರೆ ಆಯಿತು. ಬುಧವಾರ ಬೆಳಿಗ್ಗೆ 6ಕ್ಕೆ ಮುಷ್ಟಿಯಲ್ಲಿ ಇನ್ನೂ ಲೋಳೆಯಿದ್ದರೆ, ಆಳುಗಳು ಬುಟ್ಟಿ ಹಿಡಿದು ತೋಟಕ್ಕೆ ಹೋಗುವ ಮೊದಲೇ ರೈಟರಿಗೆ ಹೇಳಿ, ಆ ದಿನ ಅರ್ಧವೇ ಕುಯ್ಯಿಸಿ ಅಥವಾ ಬೇರೆ ಕೆಲಸಕ್ಕೆ ಹಾಕಿ. ಹತ್ತು ಗಂಟೆಗೆ ಗೊತ್ತಾದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಹಣ್ಣು ಬುಟ್ಟಿಗೆ ಬಂದಿರುತ್ತದೆ.

ಕಣಕ್ಕೂ ಇದೇ ಲೆಕ್ಕ. ಪಾರ್ಚ್‌ಮೆಂಟ್ ಒಳ್ಳೆಯ ಬಿಸಿಲಿನಲ್ಲಿ 7ರಿಂದ 10 ದಿನ ತೆಗೆದುಕೊಳ್ಳುತ್ತದೆ. ಕಣವನ್ನು ಸುಣ್ಣದ ಗೆರೆ ಹಾಕಿ ಚೌಕಗಳಾಗಿ ಮಾಡಿ, ಒಂದು ಚೌಕ ಅಂದರೆ ಒಂದು ದಿನದ ಕೊಯ್ಲು. 8 ಚೌಕ ಇದ್ದು 8 ದಿನಕ್ಕೆ ಒಣಗಿದರೆ ಒಂಬತ್ತನೇ ಬೆಳಿಗ್ಗೆ ಮೊದಲ ಚೌಕ ಖಾಲಿ, ಸರಿಯಾಗಿ ಹೊಂದುತ್ತದೆ. ಮೋಡ ಕವಿದು 11 ದಿನ ಬೇಕಾದರೆ ಮೂರು ದಿನದ ಬೀಜಕ್ಕೆ ಜಾಗವಿಲ್ಲ. ಇದು ಗೊತ್ತಾಗಬೇಕಾದ್ದು ಮೋಡ ಬಂದ ಮೊದಲ ದಿನ. ಅಂದೇ ಕೊಯ್ಲು ಕಡಿಮೆ ಮಾಡಿದರೆ ಕಣ ತುಂಬುವುದು ತಪ್ಪುತ್ತದೆ. ಕಣ ತುಂಬಿದ ದಿನ ಎಚ್ಚೆತ್ತರೆ ಹುದುಗು ತೊಟ್ಟಿಯಲ್ಲಿ ಆಗಲೇ ಎರಡು ದಿನದ ಬೀಜ ಇರುತ್ತದೆ, ಅದನ್ನು ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಜಾಗಕ್ಕಾಗಿ ಅರೆಬರೆ ಒಣಗಿದ್ದನ್ನು ಚೀಲಕ್ಕೆ ತುಂಬುವ ಆಸೆಯಾಗುತ್ತದೆ. ತುಂಬಬೇಡಿ. ತೇವಾಂಶ ಮೀಟರಿನಲ್ಲಿ 10% ಬರುವವರೆಗೆ ಚೌಕ ಖಾಲಿ ಎಂದು ಬರೆಯಬಾರದು. ಹಸಿ ಚೀಲದೊಳಗೆ ಬೂಷ್ಟು ಹಿಡಿಯುತ್ತದೆ.

ನಿಲ್ಲಿಸಲಾಗದ ಕೆಲಸ ಮತ್ತು ಹುತ್ತರಿ

ಕೊಯ್ಲಿನ ಮಧ್ಯೆ ಹುತ್ತರಿ ಬರುತ್ತದೆ. ದಿನ, ಮುಹೂರ್ತ ನಿಗದಿಯಾಗುವುದು ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ಅದು ಗೊತ್ತಾದ ಕೂಡಲೇ ಪಟ್ಟಿಗೆ ಸೇರಿಸಿ, ಏಕೆಂದರೆ ಆ ದಿನ ಬೀಜ ತೊಳೆಯಲು ಯಾರೂ ಬರುವುದಿಲ್ಲ, ಬರಬೇಕು ಎಂದು ಕೇಳುವುದೂ ಸರಿಯಲ್ಲ.

ಕುಯ್ಯುವುದನ್ನು ನಿಲ್ಲಿಸಬಹುದು, ಪಲ್ಪಿಂಗ್ ನಿಲ್ಲಿಸಬಹುದು. ಹುದುಗು ನಿಲ್ಲುವುದಿಲ್ಲ. ರಜೆ ಗುರುವಾರ ಎಂದಿಟ್ಟುಕೊಳ್ಳಿ. ಮಂಗಳವಾರ ಸಂಜೆ ಪಲ್ಪ್ ಮಾಡಿದ್ದು 36 ಗಂಟೆಯ ಲೆಕ್ಕದಲ್ಲಿ ಗುರುವಾರ ಬೆಳಿಗ್ಗೆ ತೊಳೆಯಲು ಬರುತ್ತದೆ. ಬುಧವಾರ ಸಂಜೆಯದು 24 ಗಂಟೆಗೇ ಹುದುಗಿದರೆ ಗುರುವಾರ ಸಂಜೆಯೇ ತೊಳೆಯಬೇಕಾಗುತ್ತದೆ. ಆದ್ದರಿಂದ ಕೊನೆಯ ಪಲ್ಪಿಂಗ್ ಸೋಮವಾರ ಸಂಜೆ, ಅದನ್ನು ತೊಳೆಯುವುದು ಬುಧವಾರ ಬೆಳಿಗ್ಗೆ. ಮಂಗಳವಾರ ಮತ್ತು ಬುಧವಾರ ಆಳುಗಳಿಗೆ ಹಣ್ಣಿನ ಕೆಲಸ ಕೊಡಬೇಕೆಂದರೆ ಕುಯ್ದದ್ದನ್ನು ಪಲ್ಪ್ ಮಾಡದೆ ಚೆರಿಯಾಗಿ ಒಣಗಿಸಿ. ಆದರೆ ಚೆರಿ ಒಣಗಲು 12ರಿಂದ 15 ದಿನ ಬೇಕು, ಆ ಎರಡು ಚೌಕಗಳು ಪಾರ್ಚ್‌ಮೆಂಟಿಗಿಂತ ಹೆಚ್ಚು ದಿನ ಸಿಕ್ಕಿಹಾಕಿಕೊಳ್ಳುತ್ತವೆ. ಕಣ ಬಿಗಿಯಾಗಿದ್ದರೆ ಎರಡು ದಿನ ಕೊಯ್ಲೇ ಬಿಟ್ಟು ಮಾರ್ಗ ಸರಿಮಾಡುವುದು, ಕಸ ತೆಗೆಯುವುದು ಇಂಥದ್ದಕ್ಕೆ ಹಾಕುವುದು ಲೇಸು.

ಗುರುವಾರ ಕಣದಲ್ಲಿ ಒಣಗುತ್ತಿರುವುದನ್ನು ಕೈಯಾಡಿಸಲು ಮತ್ತು ಸಂಜೆ ಟಾರ್ಪಾಲು ಹೊದಿಸಲು ಒಬ್ಬರಾದರೂ ಬೇಕು. ಅವರ ಹೆಸರನ್ನು ಸೋಮವಾರವೇ ಪಟ್ಟಿಯಲ್ಲಿ ಬರೆದು, ಅವರಿಗೂ ಹೇಳಿ ಒಪ್ಪಿಸಿಕೊಂಡಿರಿ.